ಸಾಹೇಬರ ಕಿರುಪರಿಚಯ: ಕರಡು ಪ್ರತಿ

ಹಿರಿಯ ಅಧಿಕಾರಿಯೊಬ್ಬರ ಕಿರುಪರಿಚಯವನ್ನು ಜಿಲ್ಲಾಡಳಿತದ ಜಾಲತಾಣಕ್ಕೆ ಬರೆಯುವುದು ಕಾನೂನಿನ ಪ್ರಕಾರ ಬಹಳ ಸುಲಭದ ಕೆಲಸ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕರಣವು, ಯಾರೂ ಅರ್ಜಿ ಹಾಕದೆಯೇ ಪ್ರಕಟಿಸಬೇಕಾದ 17 ಬಾಬ್ತುಗಳನ್ನು ಪಟ್ಟಿ ಮಾಡಿದೆ. ಅಧಿಕಾರಿಗಳ ಹೆಸರು, ಅಧಿಕಾರ, ಕರ್ತವ್ಯ, ಮಾಸಿಕ ಸಂಬಳ ಎಲ್ಲವೂ ಅದರಲ್ಲಿವೆ. ದೂರದೃಷ್ಟಿ, ಸರಳ ಸಜ್ಜನಿಕೆ ಮತ್ತು ಜನಪರ ಕಾಳಜಿಗಳಿಗೆ ಮಾತ್ರ ಸಂಸತ್ತು ಜಾಗ ಮಾಡಿಕೊಡಲು ಮರೆತಿರುವುದರಿಂದ, ಕಾರವಾರದ ನಮ್ಮ ಜಿಲ್ಲಾಧಿಕಾರಿ ಕಚೇರಿಯು 18ನೆಯ ಬಾಬ್ತೊಂದನ್ನು ತಾನೇ ಸೇರಿಸಿಕೊಂಡಿದೆ. ಈ ಬರಹದಲ್ಲಿ ಬರುವ ಸಾಹೇಬರೂ ಶಿರಸ್ತೇದಾರರೂ ಕಲ್ಪಿತ ವ್ಯಕ್ತಿಗಳು. ಅವರ ಗದ್ಯ ಮಾತ್ರ ಕಲ್ಪಿತವಲ್ಲ.

"ಪರಿಚಯ ವಸ್ತುನಿಷ್ಠವಾಗಿರಲಿ, ಹೊಗಳಿಕೆ ಖಂಡಿತ ಬೇಡ" ಎಂದು ಸಾಹೇಬರು ಮೌಖಿಕ ಆದೇಶ ನೀಡಿದ್ದರು. ಅದನ್ನು ಚಾಚೂ ತಪ್ಪದೆ ಪಾಲಿಸಿದ ಶಿರಸ್ತೇದಾರರು ಮೊದಲ ವಾಕ್ಯವನ್ನು ಹೀಗೆ ಆರಂಭಿಸಿದರು: "ಹೊಗಳಿಕೆಯನ್ನು ಎಂದಿಗೂ ಬಯಸದ, ದಕ್ಷತೆಗೆ ಮತ್ತೊಂದು ಹೆಸರಾದ ಮಾನ್ಯರು..."

ಹುದ್ದೆಗಳ ಭಾಗವು ಅದಕ್ಕಿಂತ ಕಷ್ಟದ್ದಾಗಿತ್ತು. ಭಾರತೀಯ ಆಡಳಿತ ಸೇವೆಯ ಅಧಿಕಾರಿಯು ಒಂದು ವೃಂದದ ಹುದ್ದೆಯಲ್ಲಿ ಕನಿಷ್ಠ ಎರಡು ವರ್ಷ ಇರಬೇಕೆಂದು 2014ರ ತಿದ್ದುಪಡಿ ನಿಯಮ ಹೇಳುತ್ತದೆ. ಅದಕ್ಕೂ ಮೊದಲೇ ಎತ್ತಂಗಡಿ ಮಾಡಬೇಕಾದರೆ ನಾಗರಿಕ ಸೇವಾ ಮಂಡಳಿಯ ಶಿಫಾರಸು ಇರಬೇಕು. ಹಾಗಿರುವಾಗ, ಸೇರಿದ ದಿನ ಮತ್ತು ಬಿಟ್ಟ ದಿನ ಎಂಬ ಎರಡು ಅಂಕಣಗಳನ್ನು ಪಕ್ಕಪಕ್ಕದಲ್ಲಿ ಬರೆದರೆ, ಎಂಟು ತಿಂಗಳಿಗೆ ಮುಗಿದ ಜಿಲ್ಲೆಯೂ, ಸ್ಥಳ ತೋರಿಸದೆ ಮನೆಯಲ್ಲಿ ಕೂರಿಸಿದ ಮಳೆಗಾಲವೂ ಓದುಗರ ಕಣ್ಣಿಗೆ ಬೀಳುತ್ತವೆ. ಶಿರಸ್ತೇದಾರರು ದಿನಾಂಕಗಳನ್ನೆಲ್ಲ ತೆಗೆದುಹಾಕಿ, "ರಾಜ್ಯದ ವಿವಿಧ ಜಿಲ್ಲೆಗಳಲ್ಲಿ ಅಪಾರ ಅನುಭವ" ಎಂದು ಬರೆದರು. ಸಹೋದ್ಯೋಗಿಯೊಬ್ಬರು ಮದುವೆಗೆ ರಜೆ ಹಾಕಿದ್ದಾಗ ಮೂರು ವಾರ ನೋಡಿಕೊಂಡ ಹೆಚ್ಚುವರಿ ಪ್ರಭಾರವೂ ಒಂದು ಸ್ವತಂತ್ರ ಹುದ್ದೆಯಾಗಿ ಪಟ್ಟಿಯಲ್ಲಿ ಕುಳಿತಿತು. ಪ್ರಭಾರ ಹಸ್ತಾಂತರದ ಪ್ರಮಾಣಪತ್ರದಲ್ಲಿ ಪೂರ್ವಾಹ್ನವೋ ಅಪರಾಹ್ನವೋ ಎಂಬುದನ್ನೂ ಬಿಡದೆ ನಮೂದಿಸುವ ಸರ್ಕಾರವು, ಅದೇ ಹುದ್ದೆಯ ವಿವರವನ್ನು ಜನರಿಗೆ ಹೇಳುವಾಗ ವರ್ಷವನ್ನೇ ಮರೆಯುತ್ತದೆ.

ಜವಾಬ್ದಾರಿಗಳ ಭಾಗವನ್ನು ತುಂಬಿಸಲು ಶ್ರಮವೇ ಬೇಕಾಗಲಿಲ್ಲ, ಏಕೆಂದರೆ ಜಿಲ್ಲಾಧಿಕಾರಿಯ ಕುರ್ಚಿಗೆ ಹುಟ್ಟಿನಿಂದಲೇ ಹತ್ತಾರು ಅಧ್ಯಕ್ಷಗಿರಿಗಳು ಅಂಟಿಕೊಂಡಿರುತ್ತವೆ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಪದನಿಮಿತ್ತ ಅಧ್ಯಕ್ಷರು ಎಂದು 2005ರ ವಿಪತ್ತು ನಿರ್ವಹಣಾ ಕಾಯ್ದೆಯೇ ಹೇಳಿರುವುದರಿಂದ, ಆ ಕುರ್ಚಿಯಲ್ಲಿ ಯಾರು ಕುಳಿತರೂ ಅಧ್ಯಕ್ಷರೇ. ಕರಡಿನಲ್ಲಿ ಇದು "ವಿಪತ್ತು ನಿರ್ವಹಣೆಯ ನೇತೃತ್ವವನ್ನು ಸ್ವತಃ ವಹಿಸಿಕೊಂಡರು" ಎಂದಾಯಿತು. ಈ ಅಧಿಕಾರದ ನಿಜವಾದ ವಿಮರ್ಶಕರು ನಮ್ಮ ಜಿಲ್ಲೆಯ ಶಾಲಾ ಮಕ್ಕಳು. ಜುಲೈ ತಿಂಗಳಲ್ಲಿ ಕೆಂಪು ಎಚ್ಚರಿಕೆ ಬಂದ ರಾತ್ರಿ ಕರಾವಳಿಯ ತಾಲ್ಲೂಕುಗಳಿಗೆ ರಜೆ ಘೋಷಿಸಿ ಶಿರಸಿ, ಸಿದ್ದಾಪುರಗಳನ್ನು ಕೈಬಿಟ್ಟ ಅಧಿಕಾರಿಯ ಬಗ್ಗೆ ಘಟ್ಟದ ಮೇಲಿನ ಮಕ್ಕಳು ಬರೆಯುವ ಪರಿಚಯವನ್ನು ಯಾವ ಜಾಲತಾಣವೂ ಪ್ರಕಟಿಸಲಾರದು.

ಇನ್ನು ಗಮನಾರ್ಹ ಸುಧಾರಣೆಗಳು. ಕರಡಿನ ಪ್ರಕಾರ ಸಾಹೇಬರು ತಮ್ಮ ಹಿಂದಿನ ಜಿಲ್ಲೆಯಲ್ಲಿ "ಸಕಾಲ ಯೋಜನೆಯನ್ನು ಯಶಸ್ವಿಯಾಗಿ ಜಾರಿಗೆ ತಂದರು". ಸಕಾಲವು 2011ರ ನಾಗರಿಕ ಸೇವೆಗಳ ಖಾತರಿ ಅಧಿನಿಯಮದ ಫಲವಾಗಿದ್ದು, 2012ರ ಏಪ್ರಿಲ್ 2ರಂದು ಇಡೀ ರಾಜ್ಯದಲ್ಲಿ ಜಾರಿಗೆ ಬಂತು. ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವನ್ನು ತಪ್ಪಿತಸ್ಥ ನೌಕರನಿಂದ ಕೊಡಿಸುವುದೂ ಅದೇ ಅಧಿನಿಯಮ. ಇಂತಹ ವಾಕ್ಯಗಳನ್ನು ಪರೀಕ್ಷಿಸಲು ಒಂದೇ ಪ್ರಶ್ನೆ ಸಾಕು: ಅದೇ ಸುಧಾರಣೆ ಅದೇ ದಿನ ಬೀದರಿನಲ್ಲೂ ಚಾಮರಾಜನಗರದಲ್ಲೂ ಆಗಿತ್ತೇ? ಆಗಿದ್ದರೆ ಅದು ರಾಜ್ಯದ ಸುಧಾರಣೆಯೇ ಹೊರತು ಸಾಹೇಬರದಲ್ಲ. ಈ ಪ್ರಶ್ನೆಯನ್ನು ಕೇಳಿಕೊಂಡ ಶಿರಸ್ತೇದಾರರ ಕರಡು ಎರಡು ಪುಟಗಳಿಂದ ಅರ್ಧ ಪುಟಕ್ಕೆ ಇಳಿದಾಗ, ಅವರೇ ಗಾಬರಿಯಾಗಿ ಆ ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಂಡರು.

ಆದರೆ ಅರ್ಧ ಪುಟದಲ್ಲಿ ಉಳಿದ ಒಂದು ಸಾಲು ಅಪ್ಪಟ ನಮ್ಮ ಜಿಲ್ಲೆಯದು: "ಅರಣ್ಯ ಹಕ್ಕು ಅರ್ಜಿಗಳಲ್ಲಿ ಶೇಕಡಾ 95ರಷ್ಟನ್ನು ವಿಲೇವಾರಿ ಮಾಡಿ ದಾಖಲೆ ನಿರ್ಮಿಸಿದರು." ಕಾಡಿನ ನಡುವೆ ಅತಿಕ್ರಮಣದ ಜಮೀನಿಟ್ಟುಕೊಂಡು ಪಟ್ಟಾಕ್ಕಾಗಿ ಕಾಯುವ ಕುಟುಂಬಗಳಿಲ್ಲದ ತಾಲ್ಲೂಕನ್ನು ಇಲ್ಲಿ ಹುಡುಕುವುದು ಕಷ್ಟವಾದ್ದರಿಂದ, ಈ ಸಾಲನ್ನು ಸ್ವಲ್ಪ ನಿಂತು ಓದಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿಯು ಗ್ರಾಮದ ಅರಣ್ಯ ಹಕ್ಕು ಸಮಿತಿಯಲ್ಲಿ ಹುಟ್ಟಿ, ಗ್ರಾಮಸಭೆಯ ನಿರ್ಣಯದೊಂದಿಗೆ ಸಹಾಯಕ ಆಯುಕ್ತರ ಉಪವಿಭಾಗ ಸಮಿತಿಗೆ ಹೋಗಿ, ಕೊನೆಗೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ಸಮಿತಿಯಲ್ಲಿ ಅಂತಿಮ ತೀರ್ಮಾನವನ್ನು ಕಾಣುತ್ತದೆ. ಅಲ್ಲಿ ಅದಕ್ಕೆ ಮೂರು ಗತಿಗಳಿವೆ: ಮಾನ್ಯವಾಗಬಹುದು, ತಿರಸ್ಕೃತವಾಗಬಹುದು, ಅಥವಾ ಮರುಪರಿಶೀಲನೆಗೆಂದು ಕೆಳಗಿನ ಸಮಿತಿಗೆ ಮರಳಬಹುದು. ಲೆಕ್ಕಕ್ಕಾಗಿ ನೂರು ಅರ್ಜಿಗಳು ಬಂದವೆಂದು ಇಟ್ಟುಕೊಳ್ಳೋಣ. ಹತ್ತು ಮಾನ್ಯವಾದವು, ಎಂಬತ್ತೆರಡು ತಿರಸ್ಕೃತವಾದವು, ಮೂರು ಹಿಂದಕ್ಕೆ ಹೋದವು, ಐದು ಬಾಕಿ ಉಳಿದವು. ವಿಲೇವಾರಿಯ ಭಾಷೆಯಲ್ಲಿ ಇದು ಶೇಕಡಾ 95ರ ಸಾಧನೆ. ಪಂಕ್ತಿಯಲ್ಲಿ ಕುಳಿತು ಉಂಡವರನ್ನೂ ಬಾಗಿಲಲ್ಲೇ ತಿರುಗಿಸಿ ಕಳುಹಿಸಿದವರನ್ನೂ ಕೂಡಿಸಿ, ಇಷ್ಟು ಜನರ ಊಟ ಮುಗಿಯಿತೆಂದು ಅಡುಗೆಯವನು ಲೆಕ್ಕ ಒಪ್ಪಿಸಿದ ಹಾಗೆ.

ಅಷ್ಟು ಅರ್ಜಿಗಳು ತಿರಸ್ಕೃತವಾಗುವುದಾದರೂ ಏಕೆಂದರೆ, ಪರಿಶಿಷ್ಟ ಪಂಗಡಕ್ಕೆ ಸೇರದ ಇತರ ಪಾರಂಪರಿಕ ಅರಣ್ಯವಾಸಿಯು 2005ರ ಡಿಸೆಂಬರ್ 13ಕ್ಕಿಂತ ಹಿಂದಿನ ಮೂರು ತಲೆಮಾರುಗಳಿಂದ, ಅಂದರೆ 75 ವರ್ಷಗಳಿಂದ ಕಾಡಿನಲ್ಲಿ ವಾಸವಿದ್ದು ಅದನ್ನೇ ನೆಚ್ಚಿಕೊಂಡಿದ್ದಾನೆಂದು ಸಾಬೀತುಪಡಿಸಬೇಕು. ಪರಿಶಿಷ್ಟ ಪಂಗಡದ ಪಟ್ಟಿಗೆ 2003ರಲ್ಲಿ ಸೇರಿದ ಸಿದ್ದಿ ಕುಟುಂಬಕ್ಕೆ ಈ 75 ವರ್ಷಗಳ ಷರತ್ತಿಲ್ಲ. ಪಟ್ಟಿಯಲ್ಲಿ ಇಲ್ಲದ ನೆರೆಮನೆಯವನಿಗೆ ಇದೆ. ಆತ 1930ರ ಸುಮಾರಿನ ಸಾಕ್ಷ್ಯವನ್ನು ಎಲ್ಲಿಂದ ತರಬೇಕು? ಆ ಕಾಲದಲ್ಲಿ ಕರ್ನಾಟಕವೆಂಬ ರಾಜ್ಯವೇ ಇರಲಿಲ್ಲ, ಈ ಜಿಲ್ಲೆಯು ಮುಂಬೈ ಪ್ರಾಂತ್ಯದ ಉತ್ತರ ಕೆನರಾ ಆಗಿತ್ತು ಮತ್ತು 1956ರವರೆಗೂ ಮುಂಬೈಗೇ ಸೇರಿತ್ತು. ಹುಟ್ಟಿರದ ಸರ್ಕಾರವೊಂದು ತಾನು ಹುಟ್ಟುವ ಮೊದಲಿನ ಕಾಗದವನ್ನು, ಅಕ್ಷರ ಬಾರದಿದ್ದ ಅಜ್ಜನ ಮೊಮ್ಮಗನಿಂದ ಕೇಳುತ್ತದೆ. ಕೊಡದಿದ್ದರೆ ಅರ್ಜಿ ವಿಲೇವಾರಿಯಾಗುತ್ತದೆ, ಶೇಕಡಾವಾರು ಏರುತ್ತದೆ, ಕಿರುಪರಿಚಯ ಬೆಳಗುತ್ತದೆ.

ಸೋಜಿಗವೆಂದರೆ, ನಿಯಮಗಳು ಇಷ್ಟು ನಿರ್ದಯವಾಗಿಲ್ಲ. ಅರ್ಜಿದಾರನಲ್ಲದ ಊರಿನ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯವೇ ಎಂದು 13ನೆಯ ನಿಯಮ ಹೇಳುತ್ತದೆ. ಹಕ್ಕನ್ನು ತೀರ್ಮಾನಿಸುವಾಗ ಸಮಿತಿಗಳು ಒಂದಕ್ಕಿಂತ ಹೆಚ್ಚು ಬಗೆಯ ಸಾಕ್ಷ್ಯವನ್ನು ಪರಿಗಣಿಸಬೇಕು. ಇಂಥದ್ದೇ ದಾಖಲೆ ಬೇಕೆಂದು ಉಪವಿಭಾಗ ಮತ್ತು ಜಿಲ್ಲಾ ಸಮಿತಿಗಳು ಹಟ ಹಿಡಿಯುವಂತಿಲ್ಲ ಎಂದು 2012ರ ತಿದ್ದುಪಡಿಯು ಬಿಡಿಸಿ ಹೇಳಿದೆ. ತಿರಸ್ಕರಿಸುವುದಾದರೆ ಕಾರಣವನ್ನು ದಾಖಲಿಸಿ ಅರ್ಜಿದಾರನಿಗೆ ತಿಳಿಸಬೇಕು, ಏಕೆಂದರೆ ಕೆಳಗಿನ ಹಂತದ ತೀರ್ಮಾನದ ವಿರುದ್ಧ ಮೇಲಿನ ಸಮಿತಿಗೆ ಹೋಗಲು ಅವನಿಗೆ 60 ದಿನಗಳ ಅವಕಾಶವಿದೆ. ಆದ್ದರಿಂದ ವಿಲೇವಾರಿಯ ಅಂಕಿ ಕಂಡಾಗ ಕೇಳಬೇಕಾದದ್ದು ಮಾನ್ಯವಾದವು ಎಷ್ಟು, ತಿರಸ್ಕೃತವಾದವು ಎಷ್ಟು, ತಿರಸ್ಕಾರದ ಹಿಂಬರಹದಲ್ಲಿ ಬರೆದ ಕಾರಣವೇನು ಎಂದು. ನೂರಾರು ಅರ್ಜಿದಾರರಿಗೆ ಒಂದೇ ಪದಗಳಲ್ಲಿ, ಒಂದೇ ದಿನಾಂಕದಲ್ಲಿ "75 ವರ್ಷಗಳ ದಾಖಲೆ ಸಲ್ಲಿಸಿಲ್ಲ" ಎಂಬ ಹಿಂಬರಹ ಹೋಗಿದ್ದರೆ, ಅಲ್ಲಿ ಅರ್ಜಿಗಳನ್ನು ಓದಿದವರು ಯಾರೂ ಇರಲಿಲ್ಲ ಎಂದು ಧಾರಾಳವಾಗಿ ಊಹಿಸಬಹುದು.

ಶಿರಸ್ತೇದಾರರು ಮೂವತ್ತು ವರ್ಷ ಕಂದಾಯ ಇಲಾಖೆಯಲ್ಲಿ ಸವೆದ ಮನುಷ್ಯ. ಆ ಶೇಕಡಾ 95ರ ಮೂಲವನ್ನು ಹುಡುಕುತ್ತಾ ಕಡತವನ್ನು ತಿರುವಿದಾಗ, ಟಿಪ್ಪಣಿಗಳ ನಡುವೆ ಅವರಿಗೆ ಒಂದೂವರೆ ಪುಟದ ಆದೇಶವೊಂದು ಸಿಕ್ಕಿತು. ದಾಖಲೆ ಕೊಠಡಿಯಲ್ಲಿರುವ ಮುಂಬೈ ಪ್ರಾಂತ್ಯದ ಕಾಲದ ಕಂದಾಯ ಕಡತಗಳ ನಕಲನ್ನು ಗ್ರಾಮದ ಅರಣ್ಯ ಹಕ್ಕು ಸಮಿತಿಗಳು ಕೇಳಿದರೆ ವಾರದೊಳಗೆ ಕೊಡಬೇಕು, ಹಿರಿಯರ ಹೇಳಿಕೆಯನ್ನು ಬರೆದುಕೊಳ್ಳಲು ಗ್ರಾಮ ಆಡಳಿತಾಧಿಕಾರಿಯೇ ಊರಿಗೆ ಹೋಗಬೇಕು, ಯಲ್ಲಾಪುರ ಮತ್ತು ಜೋಯಿಡಾದವರನ್ನು ಇದಕ್ಕಾಗಿ ಘಟ್ಟ ಇಳಿಸಿ ಕಾರವಾರಕ್ಕೆ ಕರೆಸಬಾರದು ಎಂದು ಅದರಲ್ಲಿತ್ತು. ಸಹಿ ಸಾಹೇಬರದೇ. ಜಾರಿಯಾದ ಎರಡು ಗ್ರಾಮಗಳಲ್ಲಿ ತಿರಸ್ಕೃತವಾಗಿದ್ದ ಕೆಲವು ಅರ್ಜಿಗಳು ಮರುಪರಿಶೀಲನೆಗೆ ಬಂದು ಮಾನ್ಯವಾಗಿದ್ದವು. ಆದರೆ ಅದರಿಂದ ಬಾಕಿಯ ಅಂಕಿ ಏರಿದ್ದರಿಂದ, ಮುಂದಿನ ಪ್ರಗತಿ ಪರಿಶೀಲನಾ ಸಭೆಯಲ್ಲಿ ಬೆಂಗಳೂರಿನವರು ಕಾರಣ ಕೇಳಿದ್ದರು. ಅಲ್ಲಿಂದ ಆ ಆದೇಶದ ಪ್ರಸ್ತಾಪವೇ ನಿಂತಿತ್ತು. ಉದ್ಘಾಟನೆ ಇರಲಿಲ್ಲ, ಆದ್ದರಿಂದ ಛಾಯಾಚಿತ್ರವೂ ಇರಲಿಲ್ಲ, ಆದ್ದರಿಂದ ಕರಡಿನಲ್ಲಿ ಅದಕ್ಕೆ ಜಾಗವೂ ಇರಲಿಲ್ಲ.

ನಿವೃತ್ತಿಗೆ ನಾಲ್ಕು ತಿಂಗಳಷ್ಟೇ ಉಳಿದಿದ್ದ ಧೈರ್ಯದಿಂದ ಶಿರಸ್ತೇದಾರರು ಹೊಸ ಕರಡನ್ನು ಮಂಡಿಸಿದರು. ಅದರಲ್ಲಿ ಇದ್ದದ್ದು ಇಷ್ಟೇ. ಸಾಹೇಬರು ಇಂತಿಂಥ ದಿನಾಂಕದಿಂದ ಇಂತಿಂಥ ದಿನಾಂಕದವರೆಗೆ ಈ ಈ ಹುದ್ದೆಗಳಲ್ಲಿದ್ದರು, ಇವುಗಳಲ್ಲಿ ಎರಡು ಹೆಚ್ಚುವರಿ ಪ್ರಭಾರಗಳು. ಪದನಿಮಿತ್ತವಾಗಿ ಜಿಲ್ಲಾ ಅರಣ್ಯ ಹಕ್ಕು ಸಮಿತಿಯ ಅಧ್ಯಕ್ಷರಾಗಿದ್ದು, ಅವರ ಅವಧಿಯಲ್ಲಿ ಸಮಿತಿಯು ಇಷ್ಟು ಅರ್ಜಿಗಳನ್ನು ಮಾನ್ಯ ಮಾಡಿತು, ಇಷ್ಟನ್ನು ತಿರಸ್ಕರಿಸಿತು, ಇಷ್ಟನ್ನು ಹಿಂದಿರುಗಿಸಿತು. ಹಳೆಯ ಕಂದಾಯ ದಾಖಲೆಗಳ ನಕಲು ನೀಡುವ ಬಗ್ಗೆ ಈ ಸಂಖ್ಯೆಯ, ಈ ದಿನಾಂಕದ ಆದೇಶವನ್ನು ಅವರು ಹೊರಡಿಸಿದರು. ಅದು ಎರಡು ಗ್ರಾಮಗಳಲ್ಲಿ ಜಾರಿಯಾಗಿದೆ, ಉಳಿದೆಡೆ ಆಗಿಲ್ಲ.

ಸಾಹೇಬರು ಕನ್ನಡಕ ಏರಿಸಿ ಎರಡು ಬಾರಿ ಓದಿದರು. "ಏನ್ರೀ ಇದು, ನನ್ನ ಪರಿಚಯ ಅಂತೀರಿ, ಇದರಲ್ಲಿ ನಾನೆಲ್ಲಿದ್ದೇನೆ?" ಎಂದರು.

"ಮೂರನೆಯ ವಾಕ್ಯದಲ್ಲಿ ಇದ್ದೀರಿ ಸರ್, ಆದೇಶ ಸಂಖ್ಯೆಯ ಪಕ್ಕದಲ್ಲಿ" ಎಂದರು ಶಿರಸ್ತೇದಾರರು.