ಹೇಳಿ, ಸಂಕೋಚ ಬೇಡ

ಮೈಸೂರಿನ ನಮ್ಮ ಮನೆಯ ಮಹಡಿಗೆ ಬಾಡಿಗೆಗೆ ಬಂದ ಜರ್ಮನ್ ಹುಡುಗ, ಪೆಟ್ಟಿಗೆ ಬಿಚ್ಚುವ ಮೊದಲೇ ಪುಟ್ಟ ನೋಟ್‌ಬುಕ್ ಹಿಡಿದು ಕೆಳಗೆ ಬಂದ. ನಾಲ್ಕು ಮಾತು ಕಲಿಸಿ ಸಾಕು, ಎದುರಿಗೆ ಸಿಕ್ಕವರನ್ನು ಮಾತಾಡಿಸುವಷ್ಟು, ಅಂತ ಇಂಗ್ಲಿಷಿನಲ್ಲಿ ಕೇಳಿದ. ನಾನು ಹುಟ್ಟಿದಾಗಿನಿಂದ ಕನ್ನಡ ಮಾತಾಡುವವನು. ನಾಲ್ಕು ಮಾತು ಕಲಿಸೋದೇನು ಮಹಾ, ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಆಗುತ್ತೆ ಅಂದುಕೊಂಡೆ. ಆರು ತಿಂಗಳಾಯಿತು.

'ನಮಸ್ಕಾರ' ಬೇಗ ಬಂತು. ಜರ್ಮನ್ನರ 'ರ' ಗಂಟಲಿನ ಒಳಗೆಲ್ಲೋ ಹುಟ್ಟುತ್ತದೆ. ಹಾಗಾಗಿ ಮೊದಮೊದಲು ಕೊನೆಯ ಅಕ್ಷರ ಬಾಯಿ ಮುಕ್ಕಳಿಸಿದ ಹಾಗೆ ಕೇಳಿಸಿತು. ಕೈ ಮುಗಿದೇ ಹೇಳುವ ಮಾತಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಎರಡನೆಯದು 'ಚೆನ್ನಾಗಿದ್ದೀರಾ?' ಅದನ್ನು ನಾನೇ ಅವನ ಪುಸ್ತಕದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟೆ. ಮಾಡಿದ ಮೊದಲ ತಪ್ಪೇ ಅದು. ನಾನು ಇಂಗ್ಲಿಷ್ ಅಂದುಕೊಂಡು ಬರೆದದ್ದನ್ನು ಅವನು ಜರ್ಮನ್ ಅಂದುಕೊಂಡು ಓದಿದ. 'ಶೆನಗಿದಿರ' ಅಂದ. 'ಚ' ಹೋಗಿ 'ಶ' ಬಂತು. ಎರಡು ಒತ್ತೂ ಮಾಯ. ದೀರ್ಘಗಳೆಲ್ಲ ತೂಕ ಇಳಿಸಿಕೊಂಡಿದ್ದವು.

ಎರಡು ಸಲ ಎನ್ ಬರೆದಿದೀನಲ್ಲಪ್ಪ, ಕಾಣಿಸಲ್ವಾ ಅಂದೆ. ಕಾಣಿಸ್ತಿದೆ, ಅದಕ್ಕೇ ಹಿಂದಿನ ಸ್ವರವನ್ನು ಚಿಕ್ಕದಾಗಿ ಹೇಳಿದೆ ಅಂದ. ಜರ್ಮನ್ ಬರಹದಲ್ಲಿ ಅಕ್ಷರ ಜೋಡಿಯಾಗಿ ಬಂದರೆ ಅರ್ಥ ಅಷ್ಟೇ: ಅದರ ಹಿಂದಿನ ಸ್ವರ ಹ್ರಸ್ವ. ವ್ಯಂಜನವನ್ನು ಒತ್ತಿ ಹಿಡಿಯುವ ಪದ್ಧತಿ ಅವರಲ್ಲಿಲ್ಲ. ನಮ್ಮಲ್ಲಿ ಅದೇ ಬಂಡವಾಳ. ಒತ್ತು ಬಿಟ್ಟರೆ 'ಕತ್ತೆ' ಹೋಗಿ 'ಕತೆ' ಆಗುತ್ತೆ. ಕತೆ ಹೇಳುವವನಿಗೆ ಒತ್ತು ಜಾಸ್ತಿಯಾದರೆ ಇನ್ನೂ ಕಷ್ಟ.

ಇದಕ್ಕೆ ಒಂದು ಉಪಾಯ ಸಿಕ್ಕಿತು, ಅದೂ ಆಕಸ್ಮಿಕವಾಗಿ. ಇಂಗ್ಲಿಷಿನಲ್ಲಿ 'ಟೆನ್ ನೈಟ್ಸ್' ಅನ್ನು ನೋಡೋಣ ಅಂದೆ. ಅಂದ. ಮೊದಲ ಪದದ ಕೊನೆಯ 'ನ್', ಎರಡನೆಯದರ ಮೊದಲ 'ನ' ಎರಡೂ ಸೇರಿ, ನಾಲಿಗೆ ಅಲ್ಲೇ ಒಂದು ಕ್ಷಣ ನಿಂತಿತು. 'ನೋಡು, ಅದೇ ನಮ್ಮ ಒತ್ತು!' ಅಂತ ಕೂಗಿದೆ. 'ದ್ದ'ಗೆ 'ಬ್ಯಾಡ್ ಡೇ' ಬಂತು. ಆಮೇಲೆ ಇಂಗ್ಲಿಷ್ ಅಕ್ಷರ ಹೊಡೆದುಹಾಕಿ, ಕನ್ನಡದಲ್ಲೇ ತುಂಡು ಮಾಡಿ ಬರೆದೆ: ಚೆನ್, ನಾ, ಗಿದ್, ದೀ, ರಾ. ಪ್ರತಿ ತುಂಡಿಗೂ ಮೇಜಿನ ಮೇಲೆ ಒಂದು ಗುದ್ದು. ಗುದ್ದುತ್ತಾ ಹೋದಾಗ ಹೈಸ್ಕೂಲಿನ ಛಂದಸ್ಸು ನೆನಪಾಯಿತು. ಐದಕ್ಕೆ ಐದೂ ಗುರು! ಒಂದಾದರೂ ಲಘು ಇಲ್ಲ. ಎದುರಿಗೆ ಸಿಕ್ಕವರನ್ನು ಸುಮ್ನೆ ಮಾತಾಡಿಸೋದಕ್ಕೆ ನಾವು ಇಷ್ಟು ಭಾರದ ಮಾತು ಯಾಕೆ ಇಟ್ಟುಕೊಂಡೆವೋ.

ಅಷ್ಟು ಗುದ್ದಿದ ಮೇಲೆ ಒತ್ತೇನೋ ಬಂತು. ಆದರೆ ಕೊನೆಯ 'ಆ' ಉಳಿಯಲಿಲ್ಲ. ಅವನ ಪುಸ್ತಕದಲ್ಲಿ ಎಲ್ಲೋ 'ಇದ್ದೀರಿ' ಅಂತ ಇತ್ತಂತೆ. ಪ್ರಶ್ನೆ ಬೇಕಾದರೆ ದನಿ ಏರಿಸಿದರೆ ಸಾಕು ಅಂತ ಅವನ ಲೆಕ್ಕ. ಮರುದಿನ ಬೆಳಿಗ್ಗೆ ಎದುರುಮನೆಯ ಆಂಟಿ ರಂಗೋಲಿ ಹಾಕುತ್ತಿದ್ದರು. ಇವನು ಗೇಟಿನ ಹತ್ತಿರ ನಿಂತು, ಕೈ ಮುಗಿದು, ಗಟ್ಟಿಯಾಗಿ, ಒತ್ತುಗಳನ್ನೆಲ್ಲ ಸರಿಯಾಗಿ ಒತ್ತಿ 'ಚೆನ್ನಾಗಿದ್ದೀರಿ' ಅಂದ. ಏರಿಸಬೇಕಾದ ದನಿಯನ್ನು ಸಂಕೋಚಕ್ಕೆ ಇಳಿಸಿಬಿಟ್ಟಿದ್ದ. ಆಂಟಿ ಸೆರಗು ಸರಿ ಮಾಡಿಕೊಂಡರು. ಅಂಕಲ್ ಪೇಪರ್ ಕೆಳಗಿಟ್ಟರು. ಅವತ್ತಿನಿಂದ ಆ ಮನೆಯ ರಂಗೋಲಿ ಎರಡು ಎಳೆ ದೊಡ್ಡದಾಗಿದೆ ಅಂತ ನನ್ನ ಹೆಂಡತಿಯ ಅಂಬೋಣ.

ಮೂರನೆಯ ಪಾಠ 'ಊಟ ಆಯ್ತಾ?' ಎರಡೇ ಪದ, ಆದರೆ ಒಂದರಲ್ಲಿ 'ಟ', ಇನ್ನೊಂದರಲ್ಲಿ 'ತ'. ಅವನ ಹತ್ತಿರ ಇದ್ದದ್ದು ಒಂದೇ. ಅದು ಹಲ್ಲಿಗೂ ಅಂಗುಳಕ್ಕೂ ನಡುವೆ, ವಸಡಿನ ಮೇಲೆ ಎಲ್ಲೋ ಹುಟ್ಟುವಂಥದ್ದು. ನಮ್ಮ ಕಿವಿಗೆ ಆ ಸದ್ದು 'ಟ'ದ ಹತ್ತಿರವೇ. ಟಿಕೆಟ್ಟು, ಟೇಬಲ್ಲುಗಳನ್ನು ನಾವು 'ಟ'ದಲ್ಲೇ ಬರೆದುಕೊಂಡದ್ದು ಅದಕ್ಕೇ ಅಲ್ವಾ. ಹಾಗಾಗಿ ಅವನ 'ಊಟ' ಹೇಗೋ ನಡೆಯಿತು. 'ಆಯ್ತಾ' ಮಾತ್ರ 'ಆಯ್ಟಾ' ಆಯಿತು. ಜೊತೆಗೆ ಉಸಿರು ಬೇರೆ ನುಗ್ಗುತ್ತಿತ್ತು, 'ಆಯ್ಠಾ' ಅನ್ನುವಷ್ಟು.

ನಾಲಿಗೆ ಎಲ್ಲಿಡಬೇಕು ಅಂತ ಕೇಳಿದ. ನನಗೆ ಏನು ಗೊತ್ತು! ಇಷ್ಟು ವರ್ಷ ಅದು ತಾನಾಗೇ ಹೋಗಿ ಕೂರುತ್ತಿತ್ತು. ಹತ್ತು ಸಲ 'ತ, ಟ, ತ, ಟ' ಅಂದುಕೊಂಡು ಪತ್ತೆ ಹಚ್ಚಿದೆ. 'ತ'ಕ್ಕೆ ನಾಲಿಗೆಯ ತುದಿ ಮೇಲಿನ ಹಲ್ಲಿನ ಬೆನ್ನಿಗೆ ತಾಗುತ್ತೆ. 'ಟ'ಕ್ಕೆ ತುದಿ ಮೇಲಕ್ಕೆ, ಹಿಂದಕ್ಕೆ ಮಡಚಿ ಅಂಗುಳ ಮುಟ್ಟುತ್ತೆ. ಬಾಯಲ್ಲಿ ಹೇಳಿದರೆ ಅವನಿಗೆ ತಿಳಿಯಲಿಲ್ಲ. ಟಾರ್ಚ್ ತಂದೆ. ನಾನು ಬಾಯಿ ತೆರೆದೆ, ಅವನು ಬೆಳಕು ಬಿಟ್ಟು ಬಗ್ಗಿ ನೋಡಿದ. ಆಮೇಲೆ ಅವನ ಸರದಿ. ಆಗಲೇ ಹೆಂಡತಿ ಒಳಗೆ ಬಂದಳು.

'ಏನ್ರೀ, ಹಲ್ಲು ನೋವಾ?'

'ಇಲ್ಲ ಕಣೇ. ಊಟ.'

ಅವಳು ತಟ್ಟೆ ಹಾಕೋದಕ್ಕೆ ಹೋದಳು.

ಉಸಿರಿಗೆ ಟಾರ್ಚ್ ಸಾಲಲಿಲ್ಲ. ಬಸ್ ಟಿಕೆಟ್ಟಿನ ಚೂರೊಂದನ್ನು ಅವನ ತುಟಿಯ ಮುಂದೆ ಹಿಡಿದೆ. ಅದು ಅಲ್ಲಾಡದ ಹಾಗೆ 'ತಾ' ಅನ್ನಬೇಕು. ಮೊದಲ ದಿನ ಟಿಕೆಟ್ ಗಾಳಿಪಟದ ಹಾಗೆ ಹಾರಿತು. ವಾರದ ಕೊನೆಗೆ ನಿಂತಿತು.

ಉಚ್ಚಾರ ಸರಿಹೋದ ಮೇಲೆ ಹೊತ್ತಿನ ತೊಂದರೆ ಶುರುವಾಯಿತು. ಬೆಳಿಗ್ಗೆ 7ಕ್ಕೆ ಹಾಲಿನವನಿಗೆ 'ಊಟ ಆಯ್ತಾ?' ಅಂದ. ಬೆಳಿಗ್ಗೆ ಆದರೆ 'ಕಾಫಿ ಆಯ್ತಾ', ಆಮೇಲೆ 'ತಿಂಡಿ ಆಯ್ತಾ', ಊಟ ಏನಿದ್ದರೂ ಮಧ್ಯಾಹ್ನದ ಮೇಲೆ ಅಂತ ವೇಳಾಪಟ್ಟಿ ಬರೆದುಕೊಟ್ಟೆ. ಅದಕ್ಕಿಂತ ಕಷ್ಟ, ಅವನು ಉತ್ತರ ಹೇಳುವಾಗ ನಿಜ ಹೇಳುತ್ತಿದ್ದ. ಯಾರಾದರೂ ಊಟ ಆಯ್ತಾ ಅಂದರೆ 'ಇಲ್ಲ' ಅನ್ನೋನು. 'ಇಲ್ಲ' ಅಂದ ಮೇಲೆ ಕೇಳಿದವರು ಬಿಡುತ್ತಾರಾ? ಒಂದೇ ಭಾನುವಾರ ಮೂರು ಮನೆಯಲ್ಲಿ ಉಂಡು, ಹೊಟ್ಟೆ ಹಿಡಿದುಕೊಂಡು ಬಂದ. ಅದು ಪ್ರಶ್ನೆ ಅಲ್ಲಪ್ಪ, ಸುಮ್ನೆ ಮಾತು. ನೀನು ಉಂಡಿರು, ಬಿಟ್ಟಿರು, 'ಆಯ್ತು, ನಿಮ್ದು?' ಅನ್ನು, ಮುಂದೆ ನಡಿ ಅಂದೆ. ಅದನ್ನು ಕೆಂಪು ಇಂಕಿನಲ್ಲಿ ಬರೆದುಕೊಂಡ.

ಇಷ್ಟರಲ್ಲಿ ನನಗೆ ಸ್ವಲ್ಪ ಬೇಸರವೂ ಬಂದಿತ್ತು. ಒಂದು ಸಂಜೆ, ಕಿಟೆಲ್ ಕೂಡ ನಿಮ್ಮ ದೇಶದವರೇ, 1894ರಲ್ಲೇ ಕನ್ನಡಕ್ಕೆ ಅಷ್ಟು ದೊಡ್ಡ ನಿಘಂಟು ಮಾಡಿಕೊಟ್ಟರು ಗೊತ್ತಾ ಅಂತ ಚುಚ್ಚಿದೆ. ಅವನು ತಣ್ಣಗೆ, 'ಬರೆದದ್ದು ಗೊತ್ತು ಸರ್. ಮಾತಾಡಿದ್ದನ್ನು ನೀವು ಕೇಳಿದೀರಾ?' ಅಂದ.

ನಾಲ್ಕನೆಯ ಮಾತನ್ನು ನಾನು ಕಲಿಸಬಾರದಿತ್ತು. ಅವನೇ ಗಮನಿಸಿ ಕೇಳಿದ್ದು. ಫೋನ್ ಎತ್ತಿದರೆ ನೀವೆಲ್ಲ 'ಹಾ, ಹೇಳಿ' ಅಂತೀರಿ, ಮನೆಗೆ ಬಂದವರು ಹಿಂಜರಿದರೂ 'ಹೇಳಿ, ಸಂಕೋಚ ಬೇಡ' ಅಂತೀರಿ, ಅದನ್ನು ಕಲಿಸಿ ಅಂದ. ಖುಷಿಯಿಂದ ಕಲಿಸಿದೆ. ಅವನ ಬಾಯಲ್ಲಿ 'ಳ' ಇಲ್ಲ ಅನ್ನೋದನ್ನು ಯೋಚಿಸಲೇ ಇಲ್ಲ.

'ಲ'ಕ್ಕೂ 'ಳ'ಕ್ಕೂ ವ್ಯತ್ಯಾಸ ಕೇಳಿಸದವರು ನಮ್ಮ ಹಳ್ಳಿಗೆ ಹೋಗಿ ಬಂದರೆ, ಹಲ್ಲಿಗೆ ಹೋಗಿ ಬಂದೆ ಅಂತಾರೆ. ಅದನ್ನು ನಕ್ಕು ಮರೆಯಬಹುದು. 'ಹೇಳಿ'ಯಲ್ಲಿ 'ಳ' ಇರೋ ಕಡೆ 'ಲ' ಬಂದರೆ ಹಾಗಲ್ಲ. ಅದು ಬಾಯಿಂದ ಮಾಡುವ ಕೆಲಸವೇ ಅಲ್ಲ. ಬೆಳಿಗ್ಗೆ ಎದ್ದ ಕೂಡಲೇ, ಬಾಗಿಲು ಹಾಕಿಕೊಂಡು ಮಾಡುವಂಥದ್ದು.

ಆ ಶನಿವಾರ ದೊಡ್ಡಮ್ಮ ಬಂದಿದ್ದರು. ಎಪ್ಪತ್ತು ದಾಟಿದವರು, ಮಡಿ ಜಾಸ್ತಿ. ಮಹಡಿಯ ಮನೆಯ ತಾರಸಿಯಲ್ಲಿ ಹಪ್ಪಳ ಒಣಗಿಸಬೇಕಿತ್ತು. ಬಾಡಿಗೆಯವರನ್ನು ಒಂದು ಮಾತು ಕೇಳೋಣ ಅಂತ ಮೆಟ್ಟಿಲು ಹತ್ತಿದರು. ಬಾಗಿಲಲ್ಲಿ ನಿಂತು, 'ಒಂದು ವಿಷಯ ಇತ್ತಪ್ಪ...' ಅಂತ ಎಳೆದರು. ಇಂಥ ಗಳಿಗೆಗೇ ಕಾಯುತ್ತಿದ್ದವನಂತೆ ನಮ್ಮ ಹುಡುಗ ಎದ್ದು ನಿಂತ. ಕೈ ಮುಗಿದು, ಬಾಗಿಲು ಅಗಲ ತೆರೆದು, ತುಂಬು ಪ್ರೀತಿಯಿಂದ ಹೇಳಿದ. 'ಳ' ಬಿಟ್ಟು. ಎರಡು ಸಲ. ಮೇಲೆ 'ಸಂಕೋಚ ಬೇಡ' ಅಂತಲೂ ಸೇರಿಸಿದ. ಆ ಎರಡು ಪದದಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.

ದೊಡ್ಡಮ್ಮ ಹಪ್ಪಳದ ಮೊರದ ಸಮೇತ ಕೆಳಗಿಳಿದು ಬಂದು, ಕುರ್ಚಿಯಲ್ಲಿ ಕೂತು, ನೀರು ಕೇಳಿದರು. 'ಇವನಿಗೆ ಕನ್ನಡ ಕಲಿಸಿದ್ದು ಯಾರು?' ಅಂದರು. ನಾನು ಪೇಪರ್ ಓದುತ್ತಿದ್ದೆ.

ಅವತ್ತು ಸಂಜೆಯೇ ಟಾರ್ಚ್ ಹೊರಗೆ ಬಂತು. 'ಟ' ಆಗಲೇ ಕಲಿತಿದ್ದ, ಅದೇ ದಾರಿಯಾಯಿತು. 'ಟ' ಅನ್ನೋದಕ್ಕೆ ನಾಲಿಗೆ ಮಡಚು. ಅಲ್ಲೇ ನಿಲ್ಲಿಸು. ಈಗ ಅಲ್ಲಿಂದಲೇ 'ಲ' ಅನ್ನು ನೋಡೋಣ. ಬಂದದ್ದು 'ಳ'! ನಿಜ ಹೇಳಬೇಕೆಂದರೆ, ಮೊದಲ ಸಲ ಬಂದಾಗ ಇಬ್ಬರೂ ಕೈ ಕುಲುಕಿದೆವು. ಹಳ್ಳಿ, ಮಳೆ, ಕಾಳು, ಹೇಳಿ ಅಂತ ರಾತ್ರಿ 10ರ ತನಕ ಮಹಡಿಯಿಂದ ಕೇಳಿಸುತ್ತಿತ್ತು. ಅವನು ಅದನ್ನು ಎಷ್ಟು ಗಟ್ಟಿಯಾಗಿ ಹಿಡಿದನೆಂದರೆ, ಹಳೆಯ 'ಲ'ವನ್ನೇ ಮನೆಯಿಂದ ಓಡಿಸಿಬಿಟ್ಟ.

ಕಳೆದ ವಾರ ದೊಡ್ಡಮ್ಮ ಫೋನ್ ಮಾಡಿದಾಗ ನಾನು ಸ್ನಾನಕ್ಕೆ ಹೋಗಿದ್ದೆ. ಹುಡುಗ ಕೆಳಗೇ ಇದ್ದ, ಅವನೇ ಎತ್ತಿದ. ಹೆಂಡತಿ ಸ್ಪೀಕರ್ ಹಾಕಿದ್ದಳಂತೆ.

'ಹಳೋ, ಹೇಳಿ ದೊಡ್ಡಮ್ಮ. ಮನೇಳಿ ಎಳ್ಳಾ ಚೆನ್ನಾಗಿದ್ದಾರಾ?'

ಆ ಕಡೆ ಒಂದು ನಿಮಿಷ ಸದ್ದಿಲ್ಲ. ಆಮೇಲೆ ದೊಡ್ಡಮ್ಮನ ದನಿ ಬಂತು.

'ಎಳ್ಳು ಚೆನ್ನಾಗಿದೆ ಕಣಪ್ಪ. ಬೆಲ್ಲವೇ ಮುಗಿದಿದೆ.'