ಇಬ್ಬರು ಹನುಮಂತಪ್ಪರು ಮತ್ತು ನಮ್ಮ ಟೈಪಿಂಗ್ ಟೆಸ್ಟ್

ನಾನು ದಾವಣಗೆರೆ ಕಡೆ ಮೆಕ್ಕೆಜೋಳ ಖರೀದಿ ಮಾಡುವ ಒಂದು ಸಂಸ್ಥೆಯ ಆಫೀಸು ನೋಡಿಕೊಳ್ಳುತ್ತೇನೆ. ಸುಗ್ಗಿ ಶುರುವಾದರೆ ದಿನಕ್ಕೆ 80, 100 ತೂಕದ ಚೀಟಿ ಬರುತ್ತವೆ. ರೈತರ ಹೆಸರು, ಊರು, ಫೋನ್ ನಂಬರ್, ಗಾಡಿ ಸಮೇತ ತೂಕ, ಖಾಲಿ ಗಾಡಿ ತೂಕ, ನಿವ್ವಳ, ದರ. ಎಲ್ಲ ಕೈಬರಹ. ಅದನ್ನು ಎಕ್ಸೆಲ್‌ಗೆ ಹಾಕಿ, ಯಾರ ಖಾತೆಗೆ ಎಷ್ಟು ಹೋಗಬೇಕು ಅಂತ ಪಟ್ಟಿ ಮಾಡಿ ಸಂಜೆ ಬ್ಯಾಂಕಿಗೆ ಕಳಿಸಬೇಕು. ಗುಮಾಸ್ತರ ಕೆಲಸ ಅಂದರೆ ಮುಖ್ಯವಾಗಿ ಇಷ್ಟೇ.

ಮೂರು ವರ್ಷದ ಹಿಂದೆ ಒಬ್ಬ ಹುಡುಗನನ್ನು ಕೆಲಸಕ್ಕೆ ತೆಗೆದುಕೊಂಡೆವು. ನಿಮಿಷಕ್ಕೆ 48 ಪದ ಟೈಪ್ ಮಾಡಿದ. ಎಕ್ಸೆಲ್ ಬಗ್ಗೆ ಕೇಳಿದ 20 ಪ್ರಶ್ನೆಯಲ್ಲಿ 18 ಸರಿ. VLOOKUP ಅಂದರೆ ಏನು ಅಂತ ಕೇಳಿದರೆ ಬಾಯಿಪಾಠದ ಹಾಗೆ ಹೇಳಿದ. ನಮಗೆಲ್ಲ ಖುಷಿಯೋ ಖುಷಿ. ಎರಡನೇ ತಿಂಗಳು ಒಬ್ಬ ರೈತರು ಬಂದು ಕೇಳಿದರು, "ಸರ್, ನನ್ನ ದುಡ್ಡು ಬಂದಿಲ್ಲ." ನೋಡಿದರೆ ಅವರ ದುಡ್ಡು ಪಕ್ಕದ ಊರಿನ ಇನ್ನೊಬ್ಬ ಹನುಮಂತಪ್ಪನವರ ಖಾತೆಗೆ ಹೋಗಿತ್ತು.

ಆ ಹುಡುಗ ಮಾಡಿದ್ದು ಇದು:

```
=VLOOKUP(B2,Raitaru!A:D,4,FALSE)
```

B2ನಲ್ಲಿ ಹೆಸರು. ಅದೇ ಹೆಸರನ್ನು ರೈತರ ಪಟ್ಟಿಯಲ್ಲಿ ಹುಡುಕಿ, ನಾಲ್ಕನೇ ಕಾಲಂನಲ್ಲಿರುವ ಖಾತೆ ಸಂಖ್ಯೆ ತಂದು ಕೊಡು ಅಂತ ಅರ್ಥ. ಸೂತ್ರದಲ್ಲಿ ಒಂದಕ್ಷರ ತಪ್ಪಿಲ್ಲ. ಆದರೆ ಪಟ್ಟಿಯಲ್ಲಿ ಅದೇ ಹೆಸರು ಎರಡು ಸಲ ಇದ್ದರೆ ಎಕ್ಸೆಲ್ ಮೊದಲು ಸಿಕ್ಕಿದ್ದನ್ನು ಕೊಟ್ಟು ಸುಮ್ಮನಾಗುತ್ತದೆ. ಇನ್ನೊಬ್ಬರಿದ್ದಾರೆ ಅಂತ ಹೇಳುವುದಿಲ್ಲ. ಕೆಂಪು ಗುರುತಿಲ್ಲ, ಏನೂ ಇಲ್ಲ. ನಮ್ಮ ಕಡೆ ಒಂದು ಹೋಬಳಿಯಲ್ಲಿ ಎಷ್ಟು ಜನ ಹನುಮಂತಪ್ಪ, ಎಷ್ಟು ಜನ ಬಸವರಾಜಪ್ಪ ಇರುತ್ತಾರೆ ಅಂತ ನಿಮಗೆ ಗೊತ್ತೇ ಇದೆ. ಫೋನ್ ನಂಬರ್ ಹಿಡಿದು ಹುಡುಕಿದ್ದರೆ ಈ ಪಜೀತಿ ಇರುತ್ತಿರಲಿಲ್ಲ. ಎನ್‌ಇಎಫ್‌ಟಿಯಲ್ಲಿ ದುಡ್ಡು ಜಮಾ ಆಗುವುದು ಖಾತೆ ಸಂಖ್ಯೆ ಮೇಲೆ. ಹಾಗಾಗಿ ಬ್ಯಾಂಕಿನಲ್ಲೂ ಅದು ನಿಲ್ಲಲಿಲ್ಲ.

ಆಗ ಎಲ್ಲರೂ ಹುಡುಗನನ್ನು ಬೈದರು. ನಾನೂ ಬೈದೆ. ಆಮೇಲೆ ರಾತ್ರಿ ಕೂತು ಯೋಚಿಸಿದರೆ, ತಪ್ಪು ಅವನದಕ್ಕಿಂತ ನಮ್ಮ ಟೆಸ್ಟಿನದು ಜಾಸ್ತಿ ಅನ್ನಿಸಿತು. VLOOKUP ಗೊತ್ತಾ ಅಂತ ಕೇಳಿದ್ದೆವು, ಗೊತ್ತು ಅಂದ. ಅದನ್ನು ಯಾವಾಗ ನಂಬಬಾರದು ಅಂತ ನಾವು ಕೇಳಿರಲೇ ಇಲ್ಲ.

ಟೈಪಿಂಗ್ ವೇಗದ ಟೆಸ್ಟನ್ನು ನಾವು ಸರ್ಕಾರಿ ಪರೀಕ್ಷೆ ನೋಡಿ ಎತ್ತಿಕೊಂಡಿದ್ದೆವು. ಕೇಂದ್ರ ಸರ್ಕಾರದ ಗುಮಾಸ್ತ ಹುದ್ದೆಗಳಿಗೆ ನಡೆಯುವ ಎಸ್‌ಎಸ್‌ಸಿಯ ಸಿಎಚ್‌ಎಸ್‌ಎಲ್ ಪರೀಕ್ಷೆಯಲ್ಲಿ ಇಂಗ್ಲಿಷ್‌ಗೆ ನಿಮಿಷಕ್ಕೆ 35 ಪದ, 10 ನಿಮಿಷದ ಟೆಸ್ಟ್. ಗಂಟೆಗೆ 10,500 ಸಲ ಕೀ ಒತ್ತಬೇಕು, 5 ಸಲ ಒತ್ತಿದರೆ ಒಂದು ಪದ ಅಂತ ಲೆಕ್ಕ. ಅಲ್ಲಿ ಅದು ಸರಿಯೇ ಇರಬಹುದು. ಲಕ್ಷಗಟ್ಟಲೆ ಜನ ಬರೆಯುವ ಕಡೆ ಎಲ್ಲರಿಗೂ ಒಂದೇ ಅಳತೆ ಬೇಕಲ್ವಾ? ನಮ್ಮಲ್ಲಿ ಬರುವವರು ಹತ್ತು ಜನ. ನಾವ್ಯಾಕೆ ಆ ಅಳತೆಗೆ ಜೋತುಬೀಳಬೇಕು?

ಕನ್ನಡ ಟೈಪಿಂಗ್‌ನಲ್ಲಿ ಈ ಪದದ ಲೆಕ್ಕ ಇನ್ನೂ ಕೆಡುತ್ತದೆ. ನುಡಿ ಕೀಲಿಮಣೆಯಲ್ಲಿ "ಸ್ತ್ರೀ" ಅನ್ನುವ ಒಂದಕ್ಷರಕ್ಕೆ ಆರು ಕೀ ಒತ್ತಬೇಕು. "ಮನೆ"ಗೆ ಮೂರು ಸಾಕು. ಒತ್ತಕ್ಷರ ತುಂಬಿದ ಸುತ್ತೋಲೆ ಸಿಕ್ಕವನ ಗತಿ ಏನು? ಈಗ ನಾವು ಕನ್ನಡಕ್ಕೆ ಒಂದು ಸಣ್ಣ ಪತ್ರ ಮಾತ್ರ ಟೈಪ್ ಮಾಡಿಸುತ್ತೇವೆ. ಕೀಲಿಮಣೆ ಅವರಿಗೆ ರೂಢಿ ಇರುವುದೇ ಇರಲಿ. ಒಂದೇ ಷರತ್ತು, ಅದು ಯೂನಿಕೋಡ್‌ನಲ್ಲಿ ಇರಬೇಕು. ಹಳೇ ನುಡಿ ಫಾಂಟಿನಲ್ಲಿ ಮಾಡಿದ ಪತ್ರ ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಯಾವ ಭಾಷೆ ಅಂತಲೇ ಗೊತ್ತಾಗುವುದಿಲ್ಲ.

ಹೊಸ ಟೆಸ್ಟ್ ಮಾಡುವ ಮೊದಲು ಒಂದು ವಾರ ಸುಮ್ನೆ ನಮ್ಮ ಗುಮಾಸ್ತರ ಪಕ್ಕ ಕೂತೆ. ಏನು ಮಾಡುತ್ತಾರೆ, ಎಲ್ಲಿ ನಿಲ್ಲುತ್ತಾರೆ ಅಂತ ಚೀಟಿಯಲ್ಲಿ ಗೀಚಿಕೊಂಡೆ. ಸತತವಾಗಿ ಹತ್ತು ನಿಮಿಷ ಟೈಪ್ ಮಾಡಿದ್ದನ್ನು ಒಂದು ಸಲವೂ ನೋಡಲಿಲ್ಲ. ಚೀಟಿ ನೋಡು, ನಾಲ್ಕು ಅಂಕಿ ಒತ್ತು, ಮತ್ತೆ ಚೀಟಿ ನೋಡು. ನಡುವೆ ಫೋನು. ವಾಪಸ್ ಬಂದಾಗ ಯಾವ ಸಾಲಿನಲ್ಲಿದ್ದೆ ಅಂತ ಹುಡುಕು. ಇದು 1 ಹೌದೋ 7 ಹೌದೋ ಅಂತ ತೂಕದ ಮನೆಗೆ ಕೇಳು. ನಮ್ಮ ಅತಿ ಹಳೇ ಗುಮಾಸ್ತರ ವೇಗ ನಿಮಿಷಕ್ಕೆ 28 ಪದ. ಹಳೇ ಟೆಸ್ಟಿನಲ್ಲಿ ಅವರು ಫೇಲ್! ಅವರ ಪಟ್ಟಿಯಲ್ಲಿ ತಪ್ಪು ಹುಡುಕಲು ನನಗೆ ಇವತ್ತಿಗೂ ಆಗಿಲ್ಲ.

ಅದನ್ನು ನೋಡಿಯೇ ಈ ಟೆಸ್ಟ್ ಕಟ್ಟಿದ್ದು. 25 ತೂಕದ ಚೀಟಿಯ ಜೆರಾಕ್ಸ್, ಹೆಸರು, ಫೋನ್ ನಂಬರ್ ಬದಲಾಯಿಸಿದ್ದು. 60 ರೈತರ ಖಾತೆ ಇರುವ ಒಂದು ಎಕ್ಸೆಲ್ ಫೈಲ್. ಕೆಲಸ ಒಂದೇ, ಇವತ್ತಿನ ಪಾವತಿ ಪಟ್ಟಿ ಮಾಡಿ. ಇಂಟರ್‌ನೆಟ್ ನೋಡಬಹುದು, ಏನು ಬೇಕಾದರೂ ಕೇಳಬಹುದು. ಕೀಬೋರ್ಡ್ ಕೈಗೆ ಹೊಂದಲಿ ಅಂತ ಮೊದಲ 5 ನಿಮಿಷ ಲೆಕ್ಕಕ್ಕಿಲ್ಲ.

ಚೀಟಿಗಳಲ್ಲಿ ನಾಲ್ಕು ಕಡೆ ಕಲ್ಲು ಇಟ್ಟಿದ್ದೇವೆ. ನಾಲ್ಕೂ ನಮ್ಮಲ್ಲಿ ನಿಜವಾಗಿ ಆದದ್ದೇ. ಒಂದು, ಒಂದೇ ಹೆಸರಿನ ಇಬ್ಬರು. ಎರಡು, ಅಸಲು ಚೀಟಿಯೂ ಅದರ ಕಾರ್ಬನ್ ಪ್ರತಿಯೂ ಕಟ್ಟಿನಲ್ಲಿ ಸೇರಿರುವುದು. ಪಕ್ಕಪಕ್ಕ ಇಡುವುದಿಲ್ಲ, ಒಂದು 6ನೆಯದು, ಇನ್ನೊಂದು 19ನೆಯದು. ಮೂರು, ಗಾಡಿ ಸಮೇತ 7,840 ಕೆಜಿ, ಖಾಲಿ ಗಾಡಿ 3,120, ನಿವ್ವಳ 4,270 ಅಂತ ಬರೆದಿರುವುದು. ಕಳೆದು ನೋಡಿ, 4,720 ಬರಬೇಕು. ಅಂಕಿ ಅದಲುಬದಲು. ನಾಲ್ಕೂವರೆ ಕ್ವಿಂಟಲ್ ವ್ಯತ್ಯಾಸ, ಕ್ವಿಂಟಲ್‌ಗೆ 2,100 ರೂಪಾಯಿ ಅಂದರೆ ರೈತರಿಗೆ 9,450 ರೂಪಾಯಿ ಕಡಿಮೆ. ನಾಲ್ಕು, ಓದಲು ಬಾರದ ಒಂದು ಅಂಕಿ.

ಈ ನಾಲ್ಕನೆಯದರ ಮೇಲೆ ಆಫೀಸಿನಲ್ಲೇ ಜಗಳ ಆಯಿತು. ಊಹೆ ಮಾಡಿ ಹಾಕಿದರೆ, ಆ ಊಹೆ ಸರಿಯೇ ಆಗಿದ್ದರೂ ಅಂಕ ಕಳೆಯಬೇಕು ಅಂದೆ ನಾನು. "ಸರಿ ಬಂದಿದೆಯಲ್ಲ ಸರ್, ಯಾಕೆ ಕಳೀತೀರಿ?" ಅಂತ ನಮ್ಮ ಗುಮಾಸ್ತರು. ಹತ್ತು ಸಲ ಊಹಿಸುವವನಿಗೆ ಒಂದೆರಡು ಸಲವಾದರೂ ತಪ್ಪುತ್ತದೆ, ಆ ಸಲ ಯಾವುದು ಅಂತ ನಮಗೆ ಗೊತ್ತೇ ಆಗುವುದಿಲ್ಲ ಅಂದೆ. ಅರೆಮನಸ್ಸಿನಿಂದ ಒಪ್ಪಿದರು. ಹಳದಿ ಬಣ್ಣ ಹಾಕಿ "ಕೇಳಬೇಕು" ಅಂತ ಬರೆದರೆ ಪೂರ್ತಿ ಅಂಕ.

ಅಂಕ ಕೊಡುವುದು ಹೀಗೆ. 100ರಿಂದ ಶುರು. ದುಡ್ಡು ಬೇರೆಯವರಿಗೆ ಹೋಗುವ, ಇಲ್ಲವೇ ಎರಡು ಸಲ ಹೋಗುವ ತಪ್ಪಿಗೆ 10. ಮೊತ್ತ ತಪ್ಪಿದರೆ, ಊಹೆ ಮಾಡಿದರೆ 5. ಹೆಸರಿನ ಕಾಗುಣಿತ ತಪ್ಪಿದರೆ 1. ಮೊದಲು ಮುಗಿಸಿದವರಿಗೆ ಹೆಚ್ಚು ಅಂಕ ಇಲ್ಲ. ಇಬ್ಬರು ಬೇರೆಬೇರೆಯಾಗಿ ತಿದ್ದುತ್ತೇವೆ, ಮುಖ ನೋಡಿ ಅಂಕ ಕೊಡುವ ಚಾಳಿ ನನಗೂ ಇದೆ.

ಮೊದಲ ಸಲ ಇದನ್ನು ಇಟ್ಟಾಗ ಒಬ್ಬರು 29 ನಿಮಿಷಕ್ಕೆ ಎದ್ದರು. 25 ಚೀಟಿ ಮುಗಿದಿತ್ತು, ಪಟ್ಟಿಗೆ ಬಾರ್ಡರ್, ಬಣ್ಣ, ನೋಡಲು ಬಲು ಚೆಂದ. ಆದರೆ ತಪ್ಪು ಹನುಮಂತಪ್ಪ, ಕಾರ್ಬನ್ ಪ್ರತಿಗೂ ಪಾವತಿ, 4,270 ಹಾಗೇ ಇದೆ, ಕಾಗುಣಿತ ಮೂರು. 28 ಹೋಗಿ 72. ಇನ್ನೊಬ್ಬರಿಗೆ 47 ನಿಮಿಷ ಹಿಡಿಯಿತು. ಕಾಗುಣಿತವೇ ಐದು ತಪ್ಪು. ಆದರೆ ಕಾರ್ಬನ್ ಪ್ರತಿ ಪಕ್ಕಕ್ಕಿಟ್ಟಿದ್ದರು, ನಿವ್ವಳವನ್ನು ಚೀಟಿ ನೋಡಿ ಹಾಕದೆ ತಾವೇ ಕಳೆದಿದ್ದರು. 95. ಹಳೇ ಟೆಸ್ಟ್ ಇದ್ದಿದ್ದರೆ ಯಾರಿಗೆ ಕೆಲಸ ಸಿಗುತ್ತಿತ್ತು ಅಂತ ಹೇಳಬೇಕಿಲ್ಲ.

ಹೊರಗಿನವರಿಗೆ ಕೊಡುವ ಮೊದಲು ನಮ್ಮ ಆಫೀಸಿನ ನಾಲ್ಕು ಜನರಿಂದಲೇ ಟೆಸ್ಟ್ ಬರೆಸಿದ್ದೆವು. ಇದನ್ನು ಮಾತ್ರ ಯಾರೂ ಬಿಡಬೇಡಿ. ನಾನು ಜಂಬಕ್ಕೆ ಒಂದು ಪಿವೋಟ್ ಟೇಬಲ್ ಪ್ರಶ್ನೆ ಹಾಕಿದ್ದೆ. ನಾಲ್ವರಲ್ಲಿ ಒಬ್ಬರಿಗೂ ಬರಲಿಲ್ಲ, ಅಷ್ಟು ವರ್ಷ ಅವರಿಗೆ ಅದು ಬೇಕಾಗಿಯೂ ಇರಲಿಲ್ಲ. ತೆಗೆದೆ. ಸಮಯ 40 ನಿಮಿಷ ಅಂತಿತ್ತು. ನಮ್ಮ ಹಳೇ ಗುಮಾಸ್ತರಿಗೇ 44 ಬೇಕಾಯಿತು, ಹಾಗಾಗಿ 50 ಮಾಡಿದೆವು. 80ಕ್ಕಿಂತ ಕಡಿಮೆ ಬಂದರೆ ಬೇಡ ಅನ್ನುವ ಗೆರೆಯೂ ಅವರ ಅಂಕ ನೋಡಿ ಹಾಕಿದ್ದೇ.

ಟೆಸ್ಟ್ ಸರಿ ಇದೆಯಾ ಅಂತ ತಿಳಿಯಲು ಬೇರೆ ದಾರಿ ಇಲ್ಲ, ಕೆಲಸಕ್ಕೆ ಸೇರಿದವರ ತಪ್ಪುಗಳನ್ನು ಮೂರು ತಿಂಗಳು ಬರೆದಿಡಬೇಕು. ಸಂಜೆ ಪಟ್ಟಿ ತಾಳೆ ನೋಡುವಾಗ ಸಿಕ್ಕ ತಪ್ಪೆಲ್ಲ ಒಂದು ನೋಟ್‌ಬುಕ್ಕಿಗೆ ಹೋಗುತ್ತದೆ. ಈವರೆಗೆ ಐದು ಜನ. ಹೆಚ್ಚು ಅಂಕದವರ ತಪ್ಪು ಕಡಿಮೆ ಇದೆ. ಆದರೆ ಐದು ಜನರನ್ನು ನೋಡಿ ಎದೆ ತಟ್ಟಿಕೊಳ್ಳುವ ಹಾಗಿಲ್ಲ. ಬೇಡ ಅಂದವರು ಬೇರೆ ಕಡೆ ಚೆನ್ನಾಗಿ ಕೆಲಸ ಮಾಡುತ್ತಿದ್ದಾರೋ ಏನೋ, ಅದು ನಮ್ಮ ನೋಟ್‌ಬುಕ್ಕಿಗೆ ಬರುವುದೇ ಇಲ್ಲ.

ಒಂದು ಸಲ ಮಾತ್ರ ಅದು ಕಣ್ಣಿಗೆ ಬಿತ್ತು. ಸುಗ್ಗಿ ನಡುವೆ ಒಬ್ಬರು ಬಿಟ್ಟು ಹೋದರು. ಜನ ಸಿಗಲಿಲ್ಲ. 71 ಅಂಕದ ಒಬ್ಬ ಹೆಣ್ಣುಮಗಳನ್ನು ಅನಿವಾರ್ಯವಾಗಿ ತೆಗೆದುಕೊಂಡೆವು. ಆಕೆ ಎಕ್ಸೆಲ್ ಮುಟ್ಟಿದ್ದೇ ಕಡಿಮೆ. ಆಗ ಪಟ್ಟಿಗೆ ಸೂತ್ರ ಹಾಕದೆ ಕೈಲೆಕ್ಕ ಮಾಡಿದರೆ 20 ಅಂಕ ಕಳೆಯುತ್ತಿದ್ದೆವು. ಅಲ್ಲೇ ಹೊಡೆತ ಬಿದ್ದಿತ್ತು. ಚೀಟಿಗಳ ನಾಲ್ಕು ಕಲ್ಲುಗಳಲ್ಲಿ ಮೂರನ್ನು ಹಿಡಿದಿದ್ದರು. ಮೂರು ವಾರದಲ್ಲಿ ಬೇಕಾದ ಸೂತ್ರ ಎಲ್ಲ ಕಲಿತರು. ಈಗ ನೋಟ್‌ಬುಕ್ಕಿನಲ್ಲಿ ಅವರ ಪುಟ ಹೆಚ್ಚೂಕಡಿಮೆ ಖಾಲಿ. ಸೂತ್ರವನ್ನು ನಾನು ಕಲಿಸಬಲ್ಲೆ. ಚೀಟಿ ನೋಡಿ ಅನುಮಾನ ಪಡುವುದನ್ನು ಆ 48 ಪದದ ಹುಡುಗನಿಗೆ ಒಂದು ವರ್ಷ ಹೇಳಿದರೂ ಕಲಿಸಲು ನನ್ನಿಂದ ಆಗಲಿಲ್ಲ. ಹಾಗಾಗಿ ಆ 20 ಅಂಕವನ್ನು 5ಕ್ಕೆ ಇಳಿಸಿದೆವು.

ಸೋಮವಾರ ಮತ್ತೆ ಟೆಸ್ಟ್ ಇದೆ, ಏಳು ಜನ ಬರುತ್ತಾರೆ. ಹೋದ ಸಲ ಬಂದವರು ಹೊರಗೆ ಹೋಗಿ "ಹನುಮಂತಪ್ಪ ಇಬ್ಬರಿದ್ದಾರೆ, ನೋಡ್ಕೋ" ಅಂತ ಹೇಳಿಬಿಟ್ಟಿದ್ದಾರೆ ಅಂತ ಸುದ್ದಿ. ಇವತ್ತು ಅವರೇ, ಆ 71 ಅಂಕದವರು, ಹೊಸ ಚೀಟಿ ಬರೆಯುತ್ತಿದ್ದಾರೆ. ಈ ಸಲ ಇಬ್ಬರು ರತ್ನಮ್ಮ, ಊರೂ ಒಂದೇ.