ಏನಂದ್ರ... ಏನಿಲ್ಲ ಬಿಡ್ರಿ

ಬ್ಯಾಡಗಿಯ ದಲಾಲಿ ಅಂಗಡಿಯ ಸಾವ್ಕಾರ್ರಿಗೆ ಹುಬ್ಬಳ್ಳಿಗೆ ಒಂದು ಲಾರಿ ಬೇಕು. ಅಷ್ಟು ಹೇಳಲು ಮೂರು ನಿಮಿಷದ ವಾಯ್ಸ್ ನೋಟ್. ಮೊಬೈಲು ಅದನ್ನು ಅಕ್ಷರಕ್ಕಿಳಿಸಿದ್ದು ಹೀಗೆ:

“ಹಲೋ ಅದು ಏನೈತಿ ಅಂದ್ರ ನಾಡಿದ್ದು ಲಾರಿ ಬೇಕಿತ್ರಿ ಲಾರಿ ಅರವತ್ತು ಚೀಲ ಅಲ್ಲಲ್ಲ ತಡೀರಿ ನಲವತ್ತು ಇಪ್ಪತ್ತು ಕೋಲ್ಡ್ ಸ್ಟೋರೇಜಿಗೆ ಹೋಗ್ತಾವು ಗೊತ್ತಾತಿಲ್ರಿ ಬ್ಯಾಡ ಕಡ್ಡಿ ಬಾಡಿಗಿ ಏಳು ಸಾವಿರ ಅಂದಿದ್ರಿ ನೋಡೂಣ್ರಿ ಅಣ್ಣಾರನ್ನ ಕೇಳ್ತೀನಿ ಹಮಾಲಿ ಯಾರದ್ರಿ ಏನಂದ್ರ ಅಮರಗೋಳಕ್ಕ ಇಳಸೂದು ಮುಂಜಾನೆ ಒಂಬತ್ತಕ್ಕ ಲಾರಿ...”

ಡಿಗ್ರಿ ಓದಿದ ಗುಮಾಸ್ತ ಇದನ್ನು ‘ಪ್ರೊಫೆಷನಲ್’ ಮಾಡಿದ:

“ಮಾನ್ಯರೇ, ಈ ಮೂಲಕ ತಮ್ಮ ಆದ್ಯ ಗಮನಕ್ಕೆ ತರಬಯಸುವುದೇನೆಂದರೆ, ನಾಡಿದ್ದು 60 ಚೀಲ ಸಾಗಿಸಲು 7,000 ರೂಪಾಯಿ ಬಾಡಿಗೆಗೆ ಲಾರಿ ಒದಗಿಸಬೇಕಾಗಿ ಕೋರುತ್ತೇವೆ.”

‘ಅದು ಏನೈತಿ ಅಂದ್ರ’ ಹೋಯಿತು, ‘ತರಬಯಸುವುದೇನೆಂದರೆ’ ಬಂತು. ಅದೇ ಎಳೆದಾಟ, ಈಗ ಇಸ್ತ್ರಿ ಹಾಕಿದ ಅಂಗಿಯಲ್ಲಿ. ಅದಿರಲಿ, ನಷ್ಟ ಬೇರೆ ಕಡೆ ಇದೆ. ಮಾತಿನಲ್ಲಿ ‘ಅಲ್ಲಲ್ಲ’ ಬಂದರೆ ಅದರ ಹಿಂದಿನ ಅಂಕಿ ಸತ್ತಂತೆ. ಗುಮಾಸ್ತ ಆ ಪದ ಒರೆಸಿ, ಸತ್ತ ಅರವತ್ತನ್ನೇ ಎತ್ತಿ ಕೂಡಿಸಿದ. ‘ನೋಡೂಣ್ರಿ’ಯನ್ನು ಬಾಯಿಚಟವೆಂದು ಕತ್ತರಿಸಿದ ಕೂಡಲೆ ಒಪ್ಪದ ಬಾಡಿಗೆ ಒಪ್ಪಿದಂತಾಯಿತು. ಹಮಾಲಿಯ ಪ್ರಶ್ನೆಯಂತೂ ಮಾಯ. ಲಾರಿ ಬಂದು ನಿಂತ ಮೇಲೆ ಅದಕ್ಕೆ ಉತ್ತರ ಜಗಳದಲ್ಲೇ.

ಎಲ್ಲಕ್ಕಿಂತ ಖಾರದ್ದು ‘ನಾಡಿದ್ದು’. ಸಾವ್ಕಾರ್ರು ಮಾತಾಡಿದ್ದು ಮಂಗಳವಾರ ರಾತ್ರಿ, ಅಂದರೆ ಗುರುವಾರದ ಪೇಟೆಗೆ. ಮೆಸೇಜು ಹೋದದ್ದು ಬುಧವಾರ ಮುಂಜಾನೆ. ಓದಿದವರು ಬೆರಳು ಮಡಚಿ ಎಣಿಸಿದರೆ ಶುಕ್ರವಾರ! ಹೀಗಾಗಿ ನಿನ್ನೆ, ನಾಳೆ, ನಾಡಿದ್ದು ಏನೇ ಬರಲಿ, ರೆಕಾರ್ಡ್ ಆದ ದಿನದಿಂದ ಎಣಿಸಿ ವಾರದ ಹೆಸರು ಬರೆಯಬೇಕು.

ತಲೆ ನೆಟ್ಟಗಿದ್ದವರು ಬೇಡದ್ದನ್ನು ಅಳಿಸುತ್ತ ಕೂರುವುದಿಲ್ಲ, ಬೇಕಾದ್ದನ್ನು ಮೊದಲು ಹೆಕ್ಕುತ್ತಾರೆ: ಅಂಕಿ, ದಿನ, ಊರು, ಪ್ರಶ್ನೆ, ಇನ್ನೂ ತೀರ್ಮಾನವಾಗದ ಮಾತು. ಉಳಿದದ್ದನ್ನು ಧೈರ್ಯವಾಗಿ ಬಿಡಬಹುದು. ಒಂದೇ ಮಾತು ಮೂರು ಸಲ ಬಂದಿದ್ದರೆ ಕೊನೆಯದನ್ನು ಜೋಪಾನವಾಗಿ ನೋಡಬೇಕು; ಒಂಬತ್ತು ಗಂಟೆ ಬಂದದ್ದು ಅಲ್ಲೇ. ಅರ್ಥಕ್ಕೆ ಹೊಂದದ ಪದ ಸಿಕ್ಕರೆ ಊಹೆ ಬೇಡ, ಆ ಜಾಗದ ದನಿಯನ್ನೇ ಮತ್ತೆ ಕೇಳಬೇಕು. ಕೇಳಿದ್ದರೆ ‘ಬ್ಯಾಡ ಕಡ್ಡಿ’ ಎಂಬುದು ಬ್ಯಾಡಗಿ ಕಡ್ಡಿ ಮೆಣಸಿನಕಾಯಿ ಎಂದು ತಿಳಿಯುತ್ತಿತ್ತು. ಇನ್ನು ‘ರಿ’ಯನ್ನು ಪೂರಾ ಕಿತ್ತರೆ ಮೆಸೇಜು ಪೊಲೀಸ್ ನೋಟಿಸಿನಂತಾಗುತ್ತದೆ, ಒಂದೆರಡು ಇರಲಿ. ಆಗ ಅದೇ ಮಾತು ಹೀಗಾಗುತ್ತದೆ:

“ನಮಸ್ಕಾರ್ರಿ. ಗುರುವಾರ ಮುಂಜಾನೆ 9ಕ್ಕೆ ಬ್ಯಾಡಗಿಗೆ ಲಾರಿ ಬೇಕು. ಕಡ್ಡಿ ಮೆಣಸಿನಕಾಯಿ, 40 ಚೀಲ. ಇಳಿಸುವುದು ಹುಬ್ಬಳ್ಳಿಯ ಅಮರಗೋಳದಲ್ಲಿ. ನೀವು ಹೇಳಿದ 7,000 ಬಾಡಿಗೆಗೆ ನಮ್ಮ ಒಪ್ಪಿಗೆ ಇನ್ನೂ ಆಗಿಲ್ಲ, ಅಣ್ಣಾರನ್ನು ಕೇಳಿ ತಿಳಿಸ್ತೀವಿ. ಹಮಾಲಿ ಯಾರದು, ಹೇಳ್ರಿ.”

ಇದನ್ನು ನೋಡಿದ ಸಾವ್ಕಾರ್ರಿಗೆ ಮಾತ್ರ ಸಮಾಧಾನವಿಲ್ಲ: “ಇಷ್ಟ ಬರದ್ರ ಅಂಗಡಿ ಮರ್ಯಾದಿ ಏನಾಗ್ಬೇಕೋ ತಮ್ಮಾ? ಮ್ಯಾಲೊಂದು ‘ಮಾನ್ಯರೇ’ ಹಾಕು.”